ಮಿಲಾನಿನ ಮನೆಗೊಂದು ಸಂತಾಪ ಪತ್ರ

ಬೆಂಗಳೂರಿನ ಕಂಪನಿಯೊಂದರ ತಂಡದಲ್ಲಿ ಮಿಲಾನಿನ ಸಹೋದ್ಯೋಗಿಯೊಬ್ಬರು ಇದ್ದರು ಎಂದಿಟ್ಟುಕೊಳ್ಳಿ. ಹೆಸರು ಮಾರ್ಕೊ ರೊಸ್ಸಿ ಎಂದಿರಲಿ. ಅವರು ತೀರಿಕೊಂಡರು. ತಂಡದವರು ಕೂತು ಇಂಗ್ಲಿಷಿನಲ್ಲಿ ಮೂರು ಸಾಲು ಬರೆದರು: 'ಡಿಯರ್ ಮಿಸೆಸ್ ರೊಸ್ಸಿ, ವಿ ಆರ್ ಸಾರಿ ಫಾರ್ ಯುವರ್ ಲಾಸ್. ಮಾರ್ಕೊ ವಾಸ್ ಎ ಗ್ರೇಟ್ ಅಸೆಟ್. ಅವರ್ ಥಾಟ್ಸ್ ಅಂಡ್ ಪ್ರೇಯರ್ಸ್ ಆರ್ ವಿತ್ ಯು.' ಮನೆಯವರಿಗೆ ಇಂಗ್ಲಿಷ್ ಬಾರದು, ಹಾಗಾಗಿ ಇದು ಇಟಾಲಿಯನ್‌ಗೆ ಹೋಗಬೇಕು. ಇಟಲಿಯಲ್ಲಿ ಅಂತ್ಯಕ್ರಿಯೆ ಸಾಮಾನ್ಯವಾಗಿ 2-3 ದಿನಗಳಲ್ಲಿ ಮುಗಿಯುತ್ತದೆ. ಪತ್ರ ತಡವಾಗುವಂತಿಲ್ಲ.

ಮೊದಲ ತೊಡಕು ಸಂಬೋಧನೆಯಲ್ಲೇ ಇದೆ. ಇಟಲಿಯ ಹೆಂಗಸರು ಮದುವೆಯಾದ ಮೇಲೂ ತಮ್ಮ ಕುಲನಾಮವನ್ನೇ ಇಟ್ಟುಕೊಳ್ಳುತ್ತಾರೆ. 1975ರ ಕುಟುಂಬ ಕಾನೂನಿನ ಸುಧಾರಣೆಯ ಪ್ರಕಾರ ಗಂಡನ ಹೆಸರು ಹೆಂಡತಿಯ ಸ್ವಂತ ಕುಲನಾಮದ ಜೊತೆಗೆ ಸೇರುವುದೇ ಹೊರತು ಅದರ ಜಾಗಕ್ಕೆ ಬರುವುದಿಲ್ಲ. ದಿನಬಳಕೆಯಲ್ಲೂ ದಾಖಲೆಗಳಲ್ಲೂ ಆಕೆಗೆ ತವರಿನ ಹೆಸರೇ. ಆದ್ದರಿಂದ ಆಕೆಯ ಹೆಸರು ಗೊತ್ತಿಲ್ಲದಿದ್ದರೆ 'ಜೆಂತೀಲೆ ಸಿನ್ಯೋರಾ' (ಮಾನ್ಯ ಅಮ್ಮನವರೇ) ಎಂದಷ್ಟೇ ಬರೆದು ನಿಲ್ಲಿಸುವುದು ಮೇಲು. ಮಕ್ಕಳು, ತಂದೆತಾಯಿ ಎಲ್ಲರಿಗೂ ಸೇರಿ ಬರೆಯುವುದಾದರೆ 'ಜೆಂತೀಲೆ ಫಮೀಲ್ಯಾ ರೊಸ್ಸಿ' ಎನ್ನಬಹುದು.

ಒಬ್ಬರಿಗೋ ಇಡೀ ಮನೆಗೋ ಎಂಬುದನ್ನು ಇಲ್ಲೇ ತೀರ್ಮಾನಿಸಿಕೊಳ್ಳಬೇಕು. ಇಂಗ್ಲಿಷಿನ 'ಯು' ಈ ಪ್ರಶ್ನೆಯನ್ನು ಮುಚ್ಚಿಟ್ಟುಬಿಡುತ್ತದೆ. ಇಟಾಲಿಯನ್‌ನಲ್ಲಿ ಸಲುಗೆಗೆ 'ತೂ', ಒಬ್ಬರಿಗೆ ಗೌರವದಿಂದ 'ಲೇಯಿ', ಹಲವರಿಗೆ 'ವೋಯಿ'. ನೀನು-ನೀವು-ತಾವು ಬಳಸಿ ಬೆಳೆದ ನಮಗೆ ಈ ಭೇದ ಸಹಜವಾಗಿಯೇ ಹಿಡಿಯುತ್ತದೆ. ತಪ್ಪಾಗುವುದು ಹೆಚ್ಚಾಗಿ ಪತ್ರದ ನಡುವೆ. ಮೇಲೆ 'ಸಿನ್ಯೋರಾ' ಎಂದು ಗೌರವದಿಂದ ತೊಡಗಿದವರು ಮೂರನೇ ಸಾಲಿಗೆ 'ತುವೊ ಮರೀತೊ', ಅಂದರೆ 'ನಿನ್ನ ಗಂಡ' ಎಂದುಬಿಡುತ್ತಾರೆ. ಅಲ್ಲಿ 'ಸುವೊ ಮರೀತೊ' ಬರಬೇಕು.

ಈ 'ಸುವೊ'ದಲ್ಲೂ ಒಂದು ಸೂಕ್ಷ್ಮವಿದೆ. ಅದಕ್ಕೆ 'ನಿಮ್ಮ' ಎಂಬ ಅರ್ಥವೂ ಉಂಟು, 'ಅವರ' ಎಂಬ ಅರ್ಥವೂ ಉಂಟು. ಹಳೆಯ ಶಿಷ್ಟಾಚಾರದ ಪತ್ರಗಳಲ್ಲಿ ಗೌರವದ ಸರ್ವನಾಮವನ್ನು ದೊಡ್ಡಕ್ಷರದಿಂದ ತೊಡಗುತ್ತಾರೆ. ಕ್ರಿಯಾಪದದ ಕೊನೆಗೆ ಅದು ಅಂಟಿಕೊಂಡಾಗ ಪದದ ಮಧ್ಯದಲ್ಲೇ ದೊಡ್ಡಕ್ಷರ ಬರುತ್ತದೆ. ಸಂತಾಪ ಪತ್ರದಲ್ಲಿ ಈ ರೂಢಿ ಇಂದಿಗೂ ಚೆನ್ನಾಗಿ ಒಪ್ಪುತ್ತದೆ. ಆದರೆ 'ಅವರ ಕೆಲಸವನ್ನು ಮೆಚ್ಚಿದ್ದೆವು' ಎಂಬ ಸಾಲನ್ನು 'ನಿಮ್ಮ ಕೆಲಸ' ಎಂದು ಓದುವ ಅವಕಾಶವನ್ನೇ ಕೊಡಬಾರದು. ಸರ್ವನಾಮ ಬಿಟ್ಟು 'ಮಾರ್ಕೊ' ಎಂದು ಮತ್ತೆ ಹೆಸರು ಹೇಳಿದರೆ ಗೊಂದಲ ಉಳಿಯುವುದಿಲ್ಲ. ಹೋದವರ ಹೆಸರು ಪತ್ರದಲ್ಲಿ ಮತ್ತೆ ಮತ್ತೆ ಬಂದರೆ ಮನೆಯವರಿಗೆ ಬೇಸರವೂ ಆಗದು.

ಇನ್ನು ಒಡಲಿಗೆ ಬರೋಣ. 'ಸಾರಿ ಫಾರ್ ಯುವರ್ ಲಾಸ್' ಎಂಬುದನ್ನು ಪದಕ್ಕೆ ಪದ ಇಳಿಸಿದರೆ ಡಬ್ಬಿಂಗ್ ಸಿನಿಮಾದ ಮಾತಿನಂತೆ ಕೇಳುತ್ತದೆ. ಇಟಲಿಯವರು ಸಾವು ಎಂಬ ಪದವನ್ನು ತಪ್ಪಿಸಿ 'ಸ್ಕೊಂಪಾರ್ಸಾ' (ಅಗಲಿಕೆ) ಎನ್ನುತ್ತಾರೆ. ಮಾರ್ಕೊ ಅಗಲಿದ ಸುದ್ದಿ ತೀವ್ರ ದುಃಖ ತಂದಿದೆ ಎಂದು ತೊಡಗಿ 'ವಿ ಸ್ಯಾಮೊ ವಿಚೀನಿ' ಎಂದು ಮುಂದುವರಿಸಿದರೆ ಅವರ ರೂಢಿಯಂತೆಯೇ ಆಯಿತು. ನಿಮ್ಮ ಹತ್ತಿರವೇ ಇದ್ದೇವೆ ಎಂದು ಅದರರ್ಥ. ಈ 'ವಿ' ಮನೆಯವರೆಲ್ಲರನ್ನೂ ಸೇರಿಸಿಕೊಳ್ಳುತ್ತದೆ. ಪ್ರಾರ್ಥನೆಯ ಮಾತನ್ನು ಆ ಮನೆಯವರು ಶ್ರದ್ಧಾವಂತರೆಂದು ಗೊತ್ತಿದ್ದರೆ ಮಾತ್ರ ಸೇರಿಸಬೇಕು.

'ಅಸೆಟ್' ಎಂಬುದು 'ರಿಸೋರ್ಸಾ' ಆದರೆ ಎಚ್‌ಆರ್ ಕಡತದ ವಾಸನೆ ಬರುತ್ತದೆ. ಅದರ ಬದಲು ನಿಜವಾಗಿ ಕಂಡದ್ದೊಂದನ್ನು ಬರೆಯಬೇಕು. ಹೊಸಬರು ಒಂದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರೂ ಮಾರ್ಕೊ ಮೊದಲಿನಷ್ಟೇ ತಾಳ್ಮೆಯಿಂದ ವಿವರಿಸುತ್ತಿದ್ದರು ಎಂಬಂಥ ಒಂದು ಸಾಲು ಸಾಕು. ಅದರ ಹಿಂದೆಯೇ 'ಚಿ ಮಂಕೆರಾ ಮೋಲ್ತೊ', ಅಂದರೆ ಅವರಿಲ್ಲದ ಕೊರತೆ ನಮ್ಮನ್ನು ಬಹಳ ಕಾಡುತ್ತದೆ ಎಂದರೆ ಪೂರ್ಣವಾಗುತ್ತದೆ. ದುಃಖಿತರಾಗಿದ್ದೇವೆ ಎಂಬಲ್ಲಿ ಬರೆಯುವವರ ಲಿಂಗವೂ ಲೆಕ್ಕಕ್ಕೆ ಬರುತ್ತದೆ: ಗಂಡಸರು ಹೆಂಗಸರು ಕೂಡಿದ ತಂಡಕ್ಕೆ 'ಅದ್ದೊಲೊರಾತಿ', ಒಬ್ಬಳೇ ಹೆಂಗಸು ಬರೆದರೆ 'ಅದ್ದೊಲೊರಾತಾ'.

ಕೊನೆಗೆ 'ಕೊರ್ದ್ಯಾಲಿ ಸಲೂತಿ' ಬೇಡ, ಅದು ವ್ಯವಹಾರದ ಪತ್ರದ ಮುಕ್ತಾಯ. ಬಳಕೆ ಇದ್ದ ಮನೆಯಾದರೆ 'ಕೊನ್ ಅಫ್ಫೆತ್ತೊ' (ಪ್ರೀತಿಯಿಂದ), ಇಲ್ಲದಿದ್ದರೆ 'ಕೊನ್ ಪ್ರೊಫೊಂದಾ ವಿಚಿನಾನ್ಸಾ' ಎಂದು ಬರೆದು ಎಲ್ಲರೂ ಹೆಸರು ಹಾಕಬೇಕು.

ಹಣಕಾಸಿನ ಮಾತು ಈ ಹಾಳೆಯಲ್ಲಿ ಕೂಡದು. ನೌಕರ ಸತ್ತಾಗ ನಮ್ಮ ಗ್ರಾಚ್ಯುಟಿಯನ್ನು ಹೋಲುವ ಟಿಎಫ್‌ಆರ್ ಮೊತ್ತ ಅಲ್ಲಿನ ಕಾನೂನಿನಂತೆ ಹೆಂಡತಿ ಮಕ್ಕಳಿಗೆ ಸೇರುತ್ತದೆ, ಅದಕ್ಕೆ ಬೇರೆ ಪತ್ರ ಹೋಗುತ್ತದೆ. ಲ್ಯಾಪ್‌ಟಾಪ್ ಹಿಂದಿರುಗಿಸುವ ವಿಷಯವೂ ಅಲ್ಲಿಗೇ ಇರಲಿ. ಸಂತಾಪ ಪತ್ರ ಕಳಿಸುವ ಮುನ್ನ ಅಲ್ಲಿನ ಸಹೋದ್ಯೋಗಿಯೊಬ್ಬರಿಗೆ ಓದಿಸಿ, ಮನೆಯವರ ಹೆಸರುಗಳನ್ನು ಅವರಿಂದಲೇ ಕೇಳಿ ಸರಿಪಡಿಸಿಕೊಳ್ಳಿ.