ಫಿನ್ನಿನ ತುದಿಯ ಲೆಕ್ಕ

ಬೈಕ್ ಎಂಜಿನ್ನಿನ ಮೈತುಂಬ ಏಣಿನಂತೆ ಎದ್ದಿರುವ ತೆಳು ಹಾಳೆಗಳೇ ಫಿನ್‌ಗಳು. ಎಂಜಿನ್ನಿನ ಬಿಸಿ ಬುಡದಿಂದ ತುದಿಯತ್ತ ಹರಿಯುತ್ತಾ, ದಾರಿಯುದ್ದಕ್ಕೂ ಗಾಳಿಗೆ ಸೋರುತ್ತದೆ. ತುದಿ ತಲುಪಿದ ಬಿಸಿ ಏನಾಗುತ್ತದೆ? ಲೆಕ್ಕ ತಪ್ಪುವುದು ಇಲ್ಲೇ.

ಒಂದು ಅಲ್ಯೂಮಿನಿಯಂ ಫಿನ್ ನೋಡೋಣ: ಉದ್ದ 30 ಮಿ.ಮೀ., ದಪ್ಪ 2 ಮಿ.ಮೀ., ಅಗಲ 100 ಮಿ.ಮೀ. ಬುಡ ಗಾಳಿಗಿಂತ 100 ಡಿಗ್ರಿ ಬಿಸಿ. ಲೋಹದ ಉಷ್ಣವಾಹಕತೆ (k) 180, ಗಾಳಿ ಬಿಸಿ ಒಯ್ಯುವ ಗುಣಾಂಕ (h) 50 ಎಂದುಕೊಳ್ಳಿ. ಎರಡೂ ಎಸ್‌ಐ ಮಾನದಲ್ಲಿ.

ಫಿನ್ ಕೊನೆಯಿಲ್ಲದಷ್ಟು ಉದ್ದವೆಂದು ಭಾವಿಸಿದರೆ 60 ವ್ಯಾಟ್ ಬರುತ್ತದೆ. ತುದಿಯಿಂದ ಏನೂ ಸೋರದು ಎಂದರೆ 27.7. ತುದಿಯೂ ಗಾಳಿಗೆ ಬಿಸಿ ಕೊಡುತ್ತದೆಂಬ ಪೂರ್ಣ ಲೆಕ್ಕದಲ್ಲಿ 28.5. ಮೊದಲನೆಯದು ದುಪ್ಪಟ್ಟಿಗಿಂತ ಹೆಚ್ಚು ತಪ್ಪು; ಎರಡನೆಯದು ಶೇ. 3ರಷ್ಟೇ ಕಡಿಮೆ.

ಪೂರ್ಣ ಸೂತ್ರ ಉದ್ದವಾದದ್ದು. ಅದಕ್ಕೊಂದು ಸುಲಭ ಉಪಾಯವಿದೆ: ತುದಿಯ ಅಂಚನ್ನು ಮಡಚಿ ಉದ್ದಕ್ಕೆ ಸೇರಿಸಿದಂತೆ, ಅರ್ಧ ದಪ್ಪ ಕೂಡಿಸಿ ಉದ್ದ 31 ಮಿ.ಮೀ. ಎಂದುಕೊಂಡು, ತುದಿ ಸೋರದೆಂದೇ ಲೆಕ್ಕ ಹಾಕಿ. ಉತ್ತರ ಮತ್ತೆ 28.5!

ಹಾಗಾದರೆ ಆಯ್ಕೆ ಹೇಗೆ? ಮೊದಲು ಈ ಸಂಖ್ಯೆ ನೋಡಿ:

```
mL = L × √(2h / kt)
```

ನಮ್ಮ ಫಿನ್ನಿಗೆ ಇದು 0.5. ಸುಮಾರು 2.65 ದಾಟಿದರೆ ಮಾತ್ರ 'ಕೊನೆಯಿಲ್ಲದ' ಸೂತ್ರ ಶೇ. 1ರೊಳಗೆ ಸರಿ; ಅದಕ್ಕೆ ನಮ್ಮ ಫಿನ್ 159 ಮಿ.ಮೀ. ಬೆಳೆಯಬೇಕು. ತೆಳು ಫಿನ್ನಿಗೆ ಅರ್ಧ ದಪ್ಪದ ಉಪಾಯ ಸಾಕು. ತುದಿ ಇನ್ನೊಂದು ಲೋಹಕ್ಕೆ ಅಂಟಿದ್ದರೆ ಇವ್ಯಾವುವೂ ನಡೆಯವು. ಅಲ್ಲಿನ ಉಷ್ಣತೆಯನ್ನೇ ತುದಿಯದೆಂದು ಹಿಡಿಯಬೇಕು.