ಲೋಗೋ ಮಾಡಿಸುವ ಮುನ್ನ ಬರೆಯಬೇಕಾದ ಇಮೇಲ್

‘ನಮ್ಮ ಗಾಣದ ಎಣ್ಣೆಗೆ ಒಂದು ಲೋಗೋ ಬೇಕು. ಸಿಂಪಲ್ ಆಗಿರಲಿ, ಆದರೆ ಎದ್ದು ಕಾಣಲಿ. ಆದಷ್ಟು ಬೇಗ ಕೊಡಿ.’ ಸ್ವತಂತ್ರವಾಗಿ ಕೆಲಸ ಮಾಡುವ ಡಿಸೈನರ್‌ಗಳಿಗೆ ಬರುವ ಕೋರಿಕೆಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ. ಇದನ್ನು ಓದಿದವರು ಎತ್ತು, ಗಾಣ, ಎಣ್ಣೆಯ ಹನಿ ಬರೆದು ಕಳಿಸುತ್ತಾರೆ. ಮಾಲೀಕರಿಗೆ ಅದು ಹಿಡಿಸುವುದಿಲ್ಲ, ಯಾಕೆ ಹಿಡಿಸಲಿಲ್ಲ ಎಂದು ಹೇಳಲೂ ಬರುವುದಿಲ್ಲ. ‘ಇನ್ನೊಂದೆರಡು ಆಪ್ಷನ್ ತೋರಿಸಿ’ ಅನ್ನುತ್ತಾರೆ. ನಾಲ್ಕನೇ ಸುತ್ತಿಗೆ ಇಬ್ಬರಿಗೂ ಬೇಸರ ಬಂದು, ಯಾವುದೋ ಒಂದನ್ನು ಒಪ್ಪಿಕೊಂಡು ಮುಗಿಸುತ್ತಾರೆ. ಇದರಲ್ಲಿ ಡಿಸೈನರ್‌ನ ಕೈಚಳಕದ ಕೊರತೆ ಏನೂ ಇಲ್ಲ. ಆ ಗುರುತು ಎಲ್ಲಿ ಇರಬೇಕು, ಅದನ್ನು ಯಾರು ನೋಡುತ್ತಾರೆ ಎಂಬುದನ್ನು ಅವರಿಗೆ ಯಾರೂ ಹೇಳಲೇ ಇಲ್ಲ.

ಒಂದು ಉದಾಹರಣೆಯನ್ನು ಕೊನೆಯವರೆಗೂ ನೋಡೋಣ. ಚಳ್ಳಕೆರೆ ಕಡೆಯ ಒಂದು ಕುಟುಂಬ ಮರದ ಗಾಣದಲ್ಲಿ ಶೇಂಗಾ ಎಣ್ಣೆ ತೆಗೆಯುತ್ತದೆ ಎಂದಿಟ್ಟುಕೊಳ್ಳಿ. ಊರಿನಲ್ಲಿ ಕ್ಯಾನ್ ತಂದು ತುಂಬಿಸಿಕೊಂಡು ಹೋಗುವ ಗಿರಾಕಿಗಳಿದ್ದಾರೆ. ಈಗ ಒಂದು ಲೀಟರ್ ಬಾಟಲಿ ಮಾಡಿ ಬೆಂಗಳೂರಿಗೆ ಕಳಿಸುವ ಆಲೋಚನೆ. ಬಸವನಗುಡಿಯ ಕಡಲೆಕಾಯಿ ಪರಿಷೆಯ ದಿನಗಳಲ್ಲಿ ಅಲ್ಲೊಂದು ಮಳಿಗೆ ಹಾಕಿ ಶುರು ಮಾಡಬೇಕು ಎಂದುಕೊಂಡಿದ್ದಾರೆ. ಡಿಸೈನರ್ ಬೆಂಗಳೂರಿನವರು, ಮುಖತಃ ಭೇಟಿ ಆಗಿಲ್ಲ. ಫೋನಿನಲ್ಲಿ ಎಷ್ಟು ಮಾತಾಡಿದರೂ ಒಪ್ಪಂದದ ವಿಷಯಗಳೆಲ್ಲ ಒಂದು ಇಮೇಲ್‌ನಲ್ಲಿ ಇರಬೇಕು. ವಾಟ್ಸಾಪ್‌ನಲ್ಲಿ ಮಾತು ಹತ್ತು ಕಡೆ ಚದುರುತ್ತದೆ, ಕಳಿಸಿದ ಚಿತ್ರವೂ ಕುಗ್ಗಿ ಹೋಗುತ್ತದೆ.

ಮೊದಲ ಪ್ಯಾರಾದಲ್ಲಿ ಹೇಳಬೇಕಾದ್ದು ಕೊಳ್ಳುವವರ ಬಗ್ಗೆ. ‘ಎಲ್ಲರೂ ನಮ್ಮ ಗಿರಾಕಿಗಳೇ’ ಎಂದು ಬರೆದರೆ ಡಿಸೈನರ್‌ಗೆ ಏನೂ ಸಿಗುವುದಿಲ್ಲ. ಈ ಕುಟುಂಬ ಹೀಗೆ ಬರೆಯಬಹುದು:

‘ನಮಸ್ಕಾರ ಮೇಡಂ. ಈ ಬಾಟಲಿ ಕೊಳ್ಳುವವರು ಹೆಚ್ಚಾಗಿ ಬೆಂಗಳೂರಿನ ಗೃಹಿಣಿಯರು ಮತ್ತು ಅವರ ಅತ್ತೆ, ತಾಯಂದಿರು. ಅಡುಗೆಗೆ ಈಗ ರಿಫೈನ್ಡ್ ಎಣ್ಣೆ ಬಳಸುತ್ತಿದ್ದಾರೆ. ಗಾಣದ ಎಣ್ಣೆಗೆ ಬೆಲೆ ಜಾಸ್ತಿ ಎಂದು ಅವರಿಗೆ ಗೊತ್ತು. ಅವರ ಅನುಮಾನ ಒಂದೇ, ಇದು ನಿಜವಾಗಿ ಗಾಣದ್ದೋ ಅಲ್ಲವೋ ಎಂಬುದು. ಊರಿನ ಗಿರಾಕಿಗಳಿಗೆ ನಮ್ಮ ಪರಿಚಯ ಇದೆ, ಅವರಿಗಾಗಿ ಲೋಗೋ ಬೇಕಿಲ್ಲ.’

ಕೊನೆಯ ವಾಕ್ಯವನ್ನು ಬರೆಯಲು ಮನಸ್ಸು ಒಪ್ಪುವುದು ಕಷ್ಟ. ಆದರೆ ಡಿಸೈನರ್‌ಗೆ ಅತಿ ಹೆಚ್ಚು ಉಪಯೋಗವಾಗುವುದು ಅದೇ. ಯಾರನ್ನು ಬಿಟ್ಟಿದ್ದೇವೆ ಎಂದು ತಿಳಿದಾಗಲೇ ಯಾರಿಗಾಗಿ ಮಾಡಬೇಕು ಎಂಬುದು ಖಚಿತವಾಗುತ್ತದೆ. ಇಲ್ಲಿ ಅನುಮಾನವೇ ಮುಖ್ಯ ಎಂದು ಗೊತ್ತಾದ ಡಿಸೈನರ್, ಥಳಕಿನ ಹೊಳೆಯುವ ಹನಿಯನ್ನು ಬಿಟ್ಟು ಊರು, ಮನೆತನ, ಕೈಬರಹದ ಹಾದಿಯಲ್ಲಿ ಯೋಚಿಸಲು ಶುರು ಮಾಡುತ್ತಾರೆ.

ಶೈಲಿಯ ವಿಷಯಕ್ಕೆ ಬಂದಾಗ ವಿಶೇಷಣಗಳು ಕೈಕೊಡುತ್ತವೆ. ‘ಮಾಡರ್ನ್’ ಅಂದರೆ ಒಬ್ಬರಿಗೆ ತೆಳ್ಳಗಿನ ಗೆರೆ, ಇನ್ನೊಬ್ಬರಿಗೆ ಗಾಢ ಬಣ್ಣ. ‘ಸಾಂಪ್ರದಾಯಿಕ’ ಅಂದರೆ ಒಬ್ಬರಿಗೆ ರಂಗೋಲಿ, ಮತ್ತೊಬ್ಬರಿಗೆ ಹಳೆಯ ತಗಡಿನ ಬೋರ್ಡು. ಅದಕ್ಕಿಂತ ಮೂರು ಚಿತ್ರ ಕಳಿಸಿ, ಪ್ರತಿಯೊಂದರ ಕೆಳಗೆ ಕಾರಣ ಬರೆಯುವುದು ಮೇಲು. ‘ಈ ಕಾಫಿಪುಡಿ ಪೊಟ್ಟಣದಲ್ಲಿ ಅಕ್ಷರ ದಪ್ಪಗಿದ್ದು ದೂರದಿಂದಲೇ ಓದಬಹುದು, ಅದು ಇಷ್ಟ. ಇದರ ಬಣ್ಣ ಇಷ್ಟವಿಲ್ಲ.’ ಹೀಗೆ ಕಾರಣ ಸೇರಿಸಿದರೆ ಡಿಸೈನರ್ ಆ ಚಿತ್ರವನ್ನು ನಕಲು ಮಾಡುವುದಿಲ್ಲ, ಅದರ ಗುಣವನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಬೇಡವಾದದ್ದಕ್ಕೂ ಒಂದು ಚಿತ್ರ ಇರಲಿ. ಪೈಪೋಟಿಯಲ್ಲಿರುವ ಎಣ್ಣೆಗಳ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ ತೆಗೆದ ಒಂದು ಫೋಟೋ ಸಾಕು. ಎಲ್ಲರ ಲೇಬಲ್ಲೂ ಹಳದಿ, ಹಸಿರು ಎಂದು ನೋಡಿದೊಡನೆ ಗೊತ್ತಾಗುತ್ತದೆ.

ಬಣ್ಣದ ಬಗ್ಗೆ ಮಾಲೀಕರು ಮಾತ್ರ ಹೇಳಬಲ್ಲ ಸಂಗತಿಯೊಂದಿದೆ. ಶೇಂಗಾ ಎಣ್ಣೆಯ ಬಣ್ಣ ಹೊಂಬಣ್ಣಕ್ಕೆ ಹತ್ತಿರ. ಪಾರದರ್ಶಕ ಬಾಟಲಿಯ ಮೇಲೆ ನೇರವಾಗಿ ಹಳದಿ ಗುರುತು ಮುದ್ರಿಸಿದರೆ, ಬಾಟಲಿ ತುಂಬಿದ ಮೇಲೆ ಅದು ಕಾಣುವುದೇ ಇಲ್ಲ. ಕಂಪ್ಯೂಟರಿನ ಬಿಳಿ ಪರದೆಯಲ್ಲಿ ಈ ತೊಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಎಣ್ಣೆ ತುಂಬಿದ ಬಾಟಲಿಯನ್ನು ಹಗಲು ಬೆಳಕಿನಲ್ಲಿಟ್ಟು ಫೋಟೋ ತೆಗೆದು ಇಮೇಲ್‌ಗೆ ಸೇರಿಸಿ. ಯಾವ ಬಣ್ಣ ಬೇಕು ಎಂದು ಮಾತ್ರ ಹೇಳಬೇಡಿ. ಅದು ಅವರ ಕೆಲಸ.

ಕನ್ನಡದ ಲೋಗೋಗೆ ಇನ್ನೊಂದು ಎಚ್ಚರ ಬೇಕು, ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಕರ್ನಾಟಕದಲ್ಲಿ ಅಂಗಡಿ, ಉದ್ಯಮಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು ಎಂದು 2024ರ ಕಾನೂನು ತಿದ್ದುಪಡಿ ಹೇಳುತ್ತದೆ. ಹಾಗಾಗಿ ಇಂಗ್ಲಿಷಿನಲ್ಲಿ ಲೋಗೋ ಮಾಡಿಸಿಕೊಂಡು, ಬೋರ್ಡಿಗಾಗಿ ಪಕ್ಕದಲ್ಲಿ ಕನ್ನಡ ಅಂಟಿಸುವುದು ಸರಿಹೋಗುವುದಿಲ್ಲ. ಕನ್ನಡದ ರೂಪವೇ ಮೂಲ, ಇಂಗ್ಲಿಷಿನದು ಜೊತೆಯದು ಎಂದು ಮೊದಲೇ ಬರೆಯಬೇಕು. ಎರಡರ ಆಕಾರವೂ ಬೇರೆ. ಹೆಸರಿನಲ್ಲಿ ‘ಎಣ್ಣೆ’ ಇದ್ದರೆ ಕೆಳಗೆ ಒತ್ತು ಇಳಿಯುತ್ತದೆ, ಮೇಲೆ ಎತ್ವ ಏರುತ್ತದೆ. ಇಂಗ್ಲಿಷಿಗೆಂದು ಬಿಟ್ಟ ಪಟ್ಟಿಯಷ್ಟು ಜಾಗದಲ್ಲಿ ಅದನ್ನು ಕೂರಿಸಲು ಹೋದರೆ ಅಕ್ಷರ ಚಿಕ್ಕದಾಗಿ, ಒತ್ತು ಮಸಿಯ ಚುಕ್ಕೆಯಂತಾಗುತ್ತದೆ.

ಅಕ್ಷರ ಒಡೆಯುವ ಸಮಸ್ಯೆಯೂ ಇದೆ. ಡಿಸೈನ್ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಸೆಟ್ಟಿಂಗ್ ಸರಿಯಾಗಿಲ್ಲದಿದ್ದರೆ ‘ಎಣ್ಣೆ’ ಎಂಬುದು ‘ಎಣ್‌ಣೆ’ ಎಂದು ಬಿಡಿಬಿಡಿಯಾಗಿ ಕಾಣುತ್ತದೆ. ಹಳೆಯ ಎನ್ಕೋಡಿಂಗ್‌ನ ಫಾಂಟ್‌ನಿಂದ ಯೂನಿಕೋಡ್‌ಗೆ ಬದಲಿಸುವಾಗಲೂ ಒತ್ತು, ಅರ್ಕಾವತ್ತುಗಳು ಜಾಗ ತಪ್ಪುವುದುಂಟು. ಕನ್ನಡ ಓದಲು ಬಾರದ ಡಿಸೈನರ್‌ಗೆ ಇದು ತಪ್ಪೆಂದೇ ತಿಳಿಯುವುದಿಲ್ಲ. ಅದಕ್ಕೆ ಹೆಸರನ್ನು ಎರಡು ರೀತಿ ಕಳಿಸಬೇಕು. ಒಂದು, ಇಮೇಲ್‌ನಲ್ಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದು. ಇನ್ನೊಂದು, ಕಾಗದದ ಮೇಲೆ ದೊಡ್ಡದಾಗಿ ಬರೆದು ತೆಗೆದ ಫೋಟೋ. ‘ಅಂತಿಮ ರೂಪ ಈ ಫೋಟೋದಲ್ಲಿರುವ ಅಕ್ಷರಗಳಿಗೆ ಸರಿಹೊಂದಬೇಕು’ ಎಂದು ಒಂದು ಸಾಲು ಸೇರಿಸಿ. ಬಳಸುವ ಫಾಂಟ್ ವ್ಯಾಪಾರಕ್ಕೆ ಪರವಾನಗಿ ಇರುವಂಥದ್ದೇ ಆಗಿರಬೇಕು ಎಂದೂ ಕೇಳಿ. ಬಾಲೂ ತಮ್ಮ, ನೋಟೋ ಸಾನ್ಸ್ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟ್‌ಗಳು ಇರುವುದರಿಂದ ಇದೇನೂ ದುಬಾರಿ ಷರತ್ತಲ್ಲ.

ಏನೇನು ಕೊಡಬೇಕು ಎಂಬುದನ್ನು ಫೈಲಿನ ಹೆಸರಿನಿಂದ ಶುರು ಮಾಡದೆ ಬಳಕೆಯ ಜಾಗದಿಂದ ಶುರು ಮಾಡಿದರೆ ತಪ್ಪುವುದಿಲ್ಲ. ಈ ಕುಟುಂಬದ ಪಟ್ಟಿ ಹೀಗಿದೆ: ಪರಿಷೆಯ ಮಳಿಗೆಗೆ ಹತ್ತು ಅಡಿ ಅಗಲದ ಫ್ಲೆಕ್ಸ್, ಬಾಟಲಿಯ ಲೇಬಲ್, ಮುಚ್ಚಳದ ಮೇಲೆ ಎರಡೂವರೆ ಸೆಂಟಿಮೀಟರ್ ಸ್ಟಿಕ್ಕರ್, ಬಿಲ್ ಪುಸ್ತಕಕ್ಕೆ ಒಂದೇ ಬಣ್ಣದ ಮುದ್ರೆ, ವಾಟ್ಸಾಪ್‌ನ ದುಂಡನೆಯ ಚಿತ್ರ. ಇದನ್ನು ನೋಡಿದ ಡಿಸೈನರ್‌ಗೆ, ಮುಚ್ಚಳದ ಮೇಲೆ ಇಡೀ ಹೆಸರು ಹಿಡಿಯುವುದಿಲ್ಲ, ಅಲ್ಲಿಗೆ ಒಂದು ಸಣ್ಣ ಗುರುತು ಬೇರೆ ಮಾಡಬೇಕು ಎಂಬುದು ತಾನಾಗಿಯೇ ಹೊಳೆಯುತ್ತದೆ.

ಫೈಲುಗಳ ಬಗ್ಗೆ ತಿಳಿದಿರಬೇಕಾದ್ದು ಒಂದೇ ವ್ಯತ್ಯಾಸ. ಪಿಎನ್‌ಜಿ, ಜೆಪೆಗ್ ಚಿತ್ರಗಳು ಚುಕ್ಕೆಗಳಿಂದ ಆದವು, ಹಿಗ್ಗಿಸಿದರೆ ಅಂಚು ಮಸುಕಾಗುತ್ತದೆ. ವೆಕ್ಟರ್ ಫೈಲು ಗೆರೆಗಳ ಲೆಕ್ಕದಿಂದ ಆದದ್ದು, ಮುಚ್ಚಳಕ್ಕೂ ಹತ್ತು ಅಡಿಗೂ ಒಂದೇ ಫೈಲು ಸಾಕು. ನಮ್ಮ ಊರುಗಳ ಫ್ಲೆಕ್ಸ್ ಅಂಗಡಿ, ಪ್ರೆಸ್ಸುಗಳಲ್ಲಿ ಹೆಚ್ಚಾಗಿ ಕೋರೆಲ್‌ಡ್ರಾ ಬಳಸುತ್ತಾರೆ. ಆದ್ದರಿಂದ ವೆಕ್ಟರ್ ಪಿಡಿಎಫ್ ಕೇಳುವಾಗ ‘ಅಕ್ಷರಗಳನ್ನು ಔಟ್‌ಲೈನ್‌ಗೆ ಬದಲಿಸಿರಬೇಕು’ ಎಂದು ಬರೆಯಿರಿ. ಆಗ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಒತ್ತಕ್ಷರ ಒಡೆಯುವುದಿಲ್ಲ. ಜೊತೆಗೆ ತಿದ್ದಬಹುದಾದ ಮೂಲ ಫೈಲು, ಹಿನ್ನೆಲೆ ಇಲ್ಲದ ಪಿಎನ್‌ಜಿ, ಕಪ್ಪು ಮತ್ತು ಬಿಳಿ ಒಂಟಿಬಣ್ಣದ ರೂಪಗಳು, ಮುದ್ರಣಕ್ಕೆ ಬೇಕಾದ ಬಣ್ಣದ ಸಂಖ್ಯೆಗಳು. ಇಷ್ಟಾದರೆ ಈ ಗಾತ್ರದ ಉದ್ಯಮಕ್ಕೆ ಧಾರಾಳ. ಬಂದ ಪಿಡಿಎಫ್ ನಿಜವಾಗಿ ವೆಕ್ಟರ್ ಹೌದೋ ಎಂದು ನೋಡುವುದು ಸುಲಭ. ತೆರೆದು ಹಿಗ್ಗಿಸುತ್ತಾ ಹೋಗಿ, ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಒಳಗೆ ಇರುವುದು ಬರೀ ಚಿತ್ರ.

ಗಡುವನ್ನು ಹಿಂದಿನಿಂದ ಎಣಿಸಬೇಕು. ಪರಿಷೆ ಕಾರ್ತಿಕ ಮಾಸದ ಕೊನೆಯ ಸೋಮವಾರಕ್ಕೆ. ಅದು ನವೆಂಬರ್ ಮೂರನೇ ವಾರ ಬಂತು ಎಂದುಕೊಳ್ಳೋಣ. ಬಾಟಲಿ ತುಂಬಿ, ಲೇಬಲ್ ಹಚ್ಚಿ, ಸಾಗಿಸಲು ಒಂದು ವಾರ. ಲೇಬಲ್ ಮುದ್ರಣಕ್ಕೆ ಹತ್ತು ದಿನ ಇಟ್ಟುಕೊಳ್ಳಬೇಕು, ಏಕೆಂದರೆ ಆ ಹೊತ್ತಿಗೆ ಪ್ರೆಸ್ಸುಗಳಲ್ಲಿ ಹೊಸ ವರ್ಷದ ಕ್ಯಾಲೆಂಡರ್, ಡೈರಿಗಳ ಒತ್ತಡ ಇರುತ್ತದೆ. ಲೋಗೋ ಕೈಗೆ ಬಂದ ಮೇಲೆ ಲೇಬಲ್ ವಿನ್ಯಾಸಕ್ಕೆ ಇನ್ನೊಂದು ವಾರ. ಹೀಗೆ ಹಿಂದಕ್ಕೆ ಬಂದರೆ ಲೋಗೋದ ಅಂತಿಮ ಫೈಲು ಅಕ್ಟೋಬರ್ 25ರ ಒಳಗೆ ಬೇಕು, ಇಮೇಲ್ ಸೆಪ್ಟೆಂಬರ್ ಮಧ್ಯಕ್ಕೇ ಹೋಗಬೇಕು. ಈ ಲೆಕ್ಕವನ್ನೂ ಇಮೇಲ್‌ನಲ್ಲಿ ಬರೆಯಿರಿ. ‘ಅರ್ಜೆಂಟ್’ ಎಂಬ ಪದವನ್ನು ನಂಬದವರೂ ಪ್ರೆಸ್ಸಿನ ದಿನಾಂಕವನ್ನು ನಂಬುತ್ತಾರೆ.

ಗಡುವು ತಪ್ಪುವುದು ಬಹುಪಾಲು ಮಾಲೀಕರ ಕಡೆಯಿಂದಲೇ. ಡಿಸೈನರ್ ಕರಡು ಕಳಿಸುತ್ತಾರೆ. ಅಣ್ಣ ಊರಲ್ಲಿಲ್ಲ, ಭಾವನಿಗೆ ತೋರಿಸಬೇಕು, ಮಗಳು ಪರೀಕ್ಷೆ ಮುಗಿಸಿ ಬರಲಿ ಎಂದು ಎರಡು ವಾರ ಉರುಳುತ್ತವೆ. ಆಮೇಲೆ ಮೂವರ ಮೂರು ಅಭಿಪ್ರಾಯ ಬೇರೆ ಬೇರೆಯಾಗಿ ಹೋಗುತ್ತವೆ. ಇದಕ್ಕೆ ಇಮೇಲ್‌ನಲ್ಲೇ ಕಟ್ಟು ಹಾಕಬಹುದು: ‘ಮೊದಲು ಮೂರು ಕರಡು ಕಳಿಸಿ. ಮೂರು ದಿನದೊಳಗೆ ಮನೆಯವರೆಲ್ಲ ಸೇರಿ ಒಂದೇ ಉತ್ತರ ಬರೆಯುತ್ತೇವೆ. ಅಂತಿಮ ಒಪ್ಪಿಗೆ ನನ್ನದು. ಆರಿಸಿದ ಕರಡಿಗೆ ಎರಡು ಸುತ್ತು ತಿದ್ದುಪಡಿ, ಅದಕ್ಕೂ ಹೆಚ್ಚಾದರೆ ಎಷ್ಟು ಎಂದು ನೀವೇ ಹೇಳಿ.’ ಮುಂಗಡ ಎಷ್ಟು, ಉಳಿದದ್ದು ಯಾವಾಗ ಎಂಬುದೂ ಇಲ್ಲೇ ಬರಲಿ. ಅರ್ಧ ಮುಂಗಡ, ಅಂತಿಮ ಫೈಲಿಗೆ ಮುಂಚೆ ಉಳಿದರ್ಧ ಎಂಬುದು ಸಾಮಾನ್ಯ ರೂಢಿ, ಅದು ನ್ಯಾಯವೂ ಹೌದು.

ಕೊನೆಯದು ಹಕ್ಕಿನ ಮಾತು. ಹಣ ಕೊಟ್ಟ ಮಾತ್ರಕ್ಕೆ ಲೋಗೋ ನಮ್ಮದಾಯಿತು ಎಂದು ಹೆಚ್ಚಿನವರು ನಂಬಿದ್ದಾರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ಸಂಬಳದ ನೌಕರರಲ್ಲದ ಸ್ವತಂತ್ರ ಡಿಸೈನರ್ ಬರೆದ ಲೋಗೋದ ಮೊದಲ ಹಕ್ಕುದಾರರು ಸಾಮಾನ್ಯವಾಗಿ ಅವರೇ. ಅದು ನಮಗೆ ಬರಬೇಕಾದರೆ ಬರವಣಿಗೆಯಲ್ಲಿ, ಸಹಿಯೊಂದಿಗೆ ವರ್ಗಾವಣೆ ಆಗಬೇಕು. ಆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಕಾಯ್ದೆ ಅದನ್ನು 5 ವರ್ಷ ಎಂದು ಎಣಿಸುತ್ತದೆ. ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದು ಎಣಿಸುತ್ತದೆ. ಆದ್ದರಿಂದ ‘ಪೂರ್ತಿ ಹಣ ಸಂದಾಯವಾದ ಮೇಲೆ, ಹಕ್ಕುಸ್ವಾಮ್ಯದ ಪೂರ್ಣ ಅವಧಿಗೆ, ಎಲ್ಲ ದೇಶಗಳಿಗೆ ಅನ್ವಯಿಸುವಂತೆ ವರ್ಗಾವಣೆ ಪತ್ರಕ್ಕೆ ಸಹಿ ಮಾಡಿಕೊಡಬೇಕು’ ಎಂಬ ಸಾಲು ಮೊದಲ ಇಮೇಲ್‌ನಲ್ಲೇ ಇರಲಿ. ಡಿಸೈನರ್ ಅದನ್ನು ಗಮನದಲ್ಲಿಟ್ಟುಕೊಂಡು ತಮ್ಮ ದರ ಹೇಳುತ್ತಾರೆ. ಆರಿಸದೆ ಬಿಟ್ಟ ಕರಡುಗಳು ಅವರಲ್ಲೇ ಉಳಿಯುತ್ತವೆ ಎಂಬುದನ್ನೂ ಅದೇ ಸಾಲಿನ ಕೆಳಗೆ ಬರೆದು ಕಳಿಸಿ.