ಎಂಟನೇ ಗಂಟೆಯ ರಕ್ತ ಹೇಳುವುದೇನು?

ಹತ್ತು ವರ್ಷದ ಡ್ಯಾಶ್‌ಹುಂಡ್ ನಾಯಿಯೊಂದು ಬಟ್ಟಲುಗಟ್ಟಲೆ ನೀರು ಕುಡಿಯುತ್ತಿದೆ, ಹೊಟ್ಟೆ ಜೋತುಬಿದ್ದಿದೆ, ಮೈಕೂದಲು ಉದುರಿದೆ ಎಂದುಕೊಳ್ಳಿ. ಅಡ್ರಿನಲ್ ಗ್ರಂಥಿ ಮಿತಿಮೀರಿ ಕಾರ್ಟಿಸೋಲ್ ಸುರಿಸುವ ಕುಶಿಂಗ್ಸ್ ಕಾಯಿಲೆಯ ಶಂಕೆ ಮೂಡುವುದು ಆಗಲೇ. ವೈದ್ಯರು ರಕ್ತ ತೆಗೆದು, ತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಂ ಡೆಕ್ಸಾಮೆಥಾಸೋನನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. 4 ಮತ್ತು 8 ಗಂಟೆಗಳ ನಂತರ ಮತ್ತೆ ರಕ್ತ ತೆಗೆಯುತ್ತಾರೆ. ಆರೋಗ್ಯವಂತ ನಾಯಿಯಲ್ಲಿ ಈ ಔಷಧ ಪಿಟ್ಯುಟರಿಯನ್ನು ಸುಮ್ಮನಾಗಿಸುತ್ತದೆ. ಇಳಿದ ಕಾರ್ಟಿಸೋಲ್ ಎಂಟು ಗಂಟೆಯವರೆಗೂ ಮೇಲೇಳುವುದಿಲ್ಲ.

ನಮ್ಮ ನಾಯಿಯ ಅಂಕಿಗಳು ಡೆಸಿಲೀಟರ್‌ಗೆ 5.2, 1.1, 3.8 ಮೈಕ್ರೊಗ್ರಾಂ. ಮೊದಲು ಕೊನೆಯದನ್ನು ನೋಡಬೇಕು. ಅನೇಕ ಲ್ಯಾಬ್‌ಗಳ ಮಿತಿ ಸುಮಾರು 1.4, ಅದು ದಾಟಿರುವುದರಿಂದ ಫಲಿತಾಂಶ ಕುಶಿಂಗ್ಸ್‌ಗೆ ಹೊಂದುತ್ತದೆ. ನಡುವೆ ಇಳಿದು ಮತ್ತೆ ಏರಿದ್ದು ಪಿಟ್ಯುಟರಿ ಗಡ್ಡೆಯತ್ತ ಬೊಟ್ಟು ಮಾಡುತ್ತದೆ. ಇಳಿಯದೇ ಇದ್ದಿದ್ದರೆ ಗಡ್ಡೆ ಅಡ್ರಿನಲ್‌ನಲ್ಲೇ ಇದೆ ಎನ್ನಲಾಗದು. ಪಿಟ್ಯುಟರಿ ರೋಗದಲ್ಲೂ ಹಾಗಾಗುವುದುಂಟು, ಸ್ಕ್ಯಾನ್ ಬೇಕಾಗುತ್ತದೆ.

ನನಗೆ ಹೆಚ್ಚು ಆತಂಕ ತರುವುದು ಸುಳ್ಳು ಪಾಸಿಟಿವ್. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಬೇರೆ ತೀವ್ರ ರೋಗ, ಇಡೀ ದಿನ ಆಸ್ಪತ್ರೆಯಲ್ಲಿ ಕಳೆಯುವ ಗಾಬರಿ, ಇವೂ ಕಾರ್ಟಿಸೋಲನ್ನು ಏರಿಸುತ್ತವೆ. ಲಕ್ಷಣಗಳೇ ಇಲ್ಲದ ನಾಯಿಗೆ ಈ ಅಂಕಿಯೊಂದನ್ನೇ ನಂಬಿ ಟ್ರೈಲೋಸ್ಟೇನ್ ಶುರು ಮಾಡಬಾರದು. ಕಿವಿಗೆ, ಚರ್ಮಕ್ಕೆ ಸ್ಟಿರಾಯ್ಡ್ ಔಷಧ ಹಾಕಿದ್ದರೆ ಅದನ್ನೂ ಪರೀಕ್ಷೆಗೆ ಮೊದಲೇ ವೈದ್ಯರಿಗೆ ಹೇಳಿ. ಅದರಿಂದಲೂ ಅಂಕಿಗಳು ಕೆಡುತ್ತವೆ.